ಚಿಕ್ಕಮಾದಯ್ಯ ಹಿಡಿಸಿದ ಎಲೆಅಡಿಕೆ

ಮಾಕವಳ್ಳಿ ಕಡೆಯ ಆ ಊರಿನಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಹಾಲಿನ ಡೈರಿಯ ಕಾರ್ಯದರ್ಶಿ ಚಿಕ್ಕಮಾದಯ್ಯನಿಗೆ ಹೇಳಿಕಳಿಸುತ್ತಿದ್ದರು. ತಪ್ಪು ಮಾಡಿದವನ ಕೈಗೆ ಎಲೆಅಡಿಕೆ ಹಿಡಿಸಿ, ನೊಂದವರ ಮನೆಗೆ ತಾನೇ ಮುಂದಾಗಿ ಕರೆದುಕೊಂಡು ಹೋಗುವುದು ಅವನ ಪದ್ಧತಿ. ಅವರು ಎಲೆಅಡಿಕೆ ಈಸಿಕೊಂಡರೆ ಜಗಳ ಮುಗಿದ ಹಾಗೆ. ಮೂವತ್ತು ವರ್ಷದಲ್ಲಿ ಯಾರೂ ಬೇಡ ಅಂದಿರಲಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ಅವನ ಅಕ್ಕನ ಮಗ ನಾಗರಾಜು, ನಾಲೆ ನೀರಿನ ಸರದಿಗೆ ಜಗಳ ತೆಗೆದು, ಪಕ್ಕದ ಗದ್ದೆಯ ರವೀಂದ್ರನ ಕುತ್ತಿಗೆಗೆ ಮಚ್ಚು ಬೀಸಿದ. ರವೀಂದ್ರ ಪಕ್ಕಕ್ಕೆ ತಿರುಗಿದ್ದರಿಂದ ಏಟು ಭುಜಕ್ಕೆ ಬಿತ್ತು. ಕಣ್ಣಾರೆ ಕಂಡವಳು ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಸೋಮಮ್ಮ ಒಬ್ಬಳೇ. ಕೊಲೆ ಯತ್ನದ ಕೇಸಾಯಿತು. ಎರಡು ತಿಂಗಳು ಜೈಲಿನಲ್ಲಿದ್ದ ಮೇಲೆ ಮಂಡ್ಯದ ಸೆಷನ್ಸ್ ಕೋರ್ಟು ಜಾಮೀನು ಕೊಟ್ಟಿತು. ಚಿಕ್ಕಮಾದಯ್ಯ ತನ್ನ ಗದ್ದೆಯ ಪಹಣಿ ಕೊಟ್ಟು ಜಾಮೀನುದಾರನಾದ.

ನಾಗರಾಜುವಿನ ವಕೀಲೆ ಪ್ರಮೀಳಾ ಷರತ್ತುಗಳನ್ನು ಒಂದೊಂದಾಗಿ ಓದಿ ಹೇಳಿದ್ದರು. ಕರೆದ ದಿನವೆಲ್ಲ ಕೋರ್ಟಿಗೆ ಬರಬೇಕು. ಪ್ರತಿ ಭಾನುವಾರ ಪಾಂಡವಪುರದ ಠಾಣೆಯಲ್ಲಿ ಸಹಿ ಹಾಕಬೇಕು. ಅಪ್ಪಣೆಯಿಲ್ಲದೆ ಜಿಲ್ಲೆ ಬಿಡಬಾರದು. ಸಾಕ್ಷಿ ವಿಚಾರಣೆ ಮುಗಿಯುವವರೆಗೆ ಊರಿಗೆ ಕಾಲಿಡಬಾರದು. ಸಾಕ್ಷಿಗಳನ್ನು ಹೆದರಿಸುವುದಾಗಲಿ, ಪುಸಲಾಯಿಸುವುದಾಗಲಿ ಕೂಡದು.

ನಾಗರಾಜು ಪಾಂಡವಪುರದಲ್ಲಿ ತಂಗಿಯ ಮನೆ ಸೇರಿದ. ಒಂದು ಭಾನುವಾರವೂ ಸಹಿ ತಪ್ಪಿಸಲಿಲ್ಲ. ಕಂಡ ಸಾಕ್ಷಿಗೆ ಎಲೆಅಡಿಕೆ ಕೊಡಿಸದೆ ಜಗಳ ಮುಗಿಯದೆಂದು ಚಿಕ್ಕಮಾದಯ್ಯನಿಗೇ ಸಮಾಧಾನವಿರಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಅವನನ್ನು ಕರೆಸಿಕೊಂಡ.

"ಊರೊಳಕ್ಕೆ ಬರಂಗಿಲ್ಲ ಅಂದವ್ರಲ್ಲ ಮಾವ," ಎಂದ ನಾಗರಾಜು ಬಸ್ಸಿನಿಂದ ಇಳಿದವನೇ.

"ಎದ್ರಿಸಬ್ಯಾಡ ಅಂದವ್ರೆ ಕಣ್ಲಾ. ನಾವು ಕಾಲು ಕಟ್ಕೊಳಕ್ ಓಯ್ತಾ ಇರಾದು. ನಾನಿವ್ನಿ, ಬಾ."

ಸೋಮಮ್ಮ ಕೊಟ್ಟಿಗೆ ಬಾಗಿಲಲ್ಲಿ ಸಗಣಿ ಬಾಚುತ್ತಿದ್ದಳು. ನಾಗರಾಜು ಎಲೆಅಡಿಕೆ ನೀಡಿ ಬಗ್ಗಿದ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಹೈದ ದುಡುಕ್ಬುಟ್ಟ ಕಣವ್ವ," ಎಂದ ಚಿಕ್ಕಮಾದಯ್ಯ. "ಕೋರ್ಟಲ್ಲಿ ಕೇಳುದ್ರೆ ಸರ್ಯಾಗಿ ಕಾಣ್ನಿಲ್ಲ ಅಂದ್ಬುಡು. ರವೀಂದ್ರಂಗೆ ನಾನು ಯೋಳ್ತೀನಿ."

"ಆಯ್ತು ಮಾದಣ್ಣ," ಎಂದು ಸೋಮಮ್ಮ ಎಲೆಅಡಿಕೆ ಈಸಿಕೊಂಡಳು. ಚಿಕ್ಕಮಾದಯ್ಯ ಹಗುರಾಗಿ ಡೈರಿಗೆ ಹೋದ.

ಮೂರನೆಯ ದಿನ ಅವಳು ಆ ಎಲೆಅಡಿಕೆಯನ್ನೇ ಸೆರಗಿನಲ್ಲಿ ಕಟ್ಟಿಕೊಂಡು, ರವೀಂದ್ರನ ಜೊತೆ ಕೆ.ಆರ್. ಪೇಟೆಯ ಠಾಣೆಗೆ ಹೋಗಿ ಹೇಳಿಕೆ ಕೊಟ್ಟಳು. ಸರ್ಕಾರಿ ವಕೀಲರು ಜಾಮೀನು ರದ್ದು ಮಾಡಬೇಕೆಂದು ಅರ್ಜಿ ಹಾಕಿದರು. ನಾಗರಾಜುವಿಗೆ ನೋಟಿಸು ಬಂತು.

"ರಾಜಿ ಮಾಡ್ಸಕ್ ಓಗಿದ್ದು ಕಣವ್ವ," ಎಂದ ಚಿಕ್ಕಮಾದಯ್ಯ, ಪ್ರಮೀಳಾ ಅವರ ಎದುರು ಕುಳಿತು.

"ಇದು ರಾಜಿಯಾಗೋ ಕೇಸಲ್ಲ ಚಿಕ್ಕಮಾದಯ್ಯನೋರೇ. ಬಸ್ಸು ಹತ್ತೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ವಿಚಾರಣೆಯ ದಿನ ಸರ್ಕಾರಿ ವಕೀಲರು ಸೋಮಮ್ಮನ ಪ್ರಮಾಣಪತ್ರ ಓದಿದರು. 'ಮಾದಣ್ಣ ಊರಿಗೆ ದೊಡ್ಡವರು. ಅವರು ಬಾಗಿಲಿಗೆ ಬಂದು ನಿಂತರೆ ಇಲ್ಲ ಅನ್ನುವುದಕ್ಕೆ ನನಗೆ ಧೈರ್ಯವಿಲ್ಲ. ಹೆದರಿ ಆಯ್ತು ಅಂದೆ.'

ಚಿಕ್ಕಮಾದಯ್ಯ ಆ ಮಾತನ್ನೇ ಮನಸ್ಸಿನಲ್ಲಿ ತಿರುಗಿ ಹೇಳಿಕೊಂಡ. ಹೆದರಿ ಆಯ್ತು ಅಂದೆ. ಗಂಡನ ಏಟು ತಿಂದು ತವರು ಸೇರಿದ್ದ ಮಾದಮ್ಮ, ತೆಂಗಿನ ಮರ ಬಿಟ್ಟುಕೊಟ್ಟ ಚಲುವಮ್ಮ, ಹಿಂದೆ ಅವನು ಎಲೆಅಡಿಕೆ ಕೊಡಿಸಿದಾಗ ಎಲ್ಲರೂ ಇದೇ ದನಿಯಲ್ಲಿ ಆಯ್ತು ಅಂದಿದ್ದರಲ್ಲ. ಅದನ್ನು ಅವನು ಒಪ್ಪಿಗೆಯೆಂದೇ ತಿಳಿದಿದ್ದ.

ಎದ್ದು ನಿಂತು ಕೈ ಮುಗಿದ. "ಕರ್ಕಂಡ್ ಓದೋನು ನಾನು ಸ್ವಾಮಿ. ಮಾತಾಡ್ದೋನೂ ನಾನೇ. ಅವುನ್ದೇನೂ ಇಲ್ಲ."

ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನು ನೋಡಿದರು. "ಷರತ್ತು ಇದ್ದದ್ದು ಆರೋಪಿಯ ಮೇಲೆ. ಒಪ್ಪಿ ಸಹಿ ಹಾಕಿದವನೂ ಅವನೇ. ಊರಿಗೆ ಬಂದದ್ದು, ಸಾಕ್ಷಿಯ ಮನೆಗೆ ಹೋದದ್ದು ನಿಮ್ಮ ಮಾತಿನಿಂದಲೇ ಸಾಬೀತಾಯಿತು. ಕೂತುಕೊಳ್ಳಿ."

ಜಾಮೀನು ರದ್ದಾಯಿತು. ಪೊಲೀಸರು ಅಲ್ಲೇ ನಾಗರಾಜುವನ್ನು ವಶಕ್ಕೆ ತೆಗೆದುಕೊಂಡರು.

ವರಾಂಡದಲ್ಲಿ ಚಿಕ್ಕಮಾದಯ್ಯ ಹಿಂದೆ ಹಿಂದೆಯೇ ಹೋದ. "ತಪ್ಪಾಯ್ತು ಕಣ್ಲಾ."

"ಬುಡು ಮಾವ. ಬರಕಿಲ್ಲ ಅಂತ ನಾನೇ ಅನ್ಬೋದಿತ್ತು." ನಾಗರಾಜು ತಿರುಗಿ ನೋಡಿ ಹೇಳಿದ, "ನಿಂಗೆ ಇಲ್ಲ ಅನ್ನಾಕೆ ನಂಗೂ ಬಾಯ್ ಬರ್ನಿಲ್ಲ."

ಮಾರನೆಯ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಸೋಮಮ್ಮ ಕ್ಯಾನು ಹಿಡಿದು ನಿಂತಿದ್ದಳು. ಅವಳಿಗೆ ತಪ್ಪಾಯ್ತು ಎನ್ನಬೇಕೆಂದು ಚಿಕ್ಕಮಾದಯ್ಯ ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದ. ಆದರೆ ಅವಳಿನ್ನೂ ಸಾಕ್ಷಿ. ಅವಳು ಕೋರ್ಟಿನಲ್ಲಿ ಕಂಡದ್ದು ಹೇಳಿ ಮುಗಿಸುವವರೆಗೆ ಅವನ ಆ ಒಂದು ಮಾತೂ ಎಲೆಅಡಿಕೆಯಷ್ಟೇ ಭಾರ.

ಅವಳ ಸರದಿ ಬಂತು. ಅವಳು ಅವನ ಕಡೆ ನೋಡದೆ ಹಾಲು ಸುರಿದಳು. ಚಿಕ್ಕಮಾದಯ್ಯ ಮುಖ ಎತ್ತದೆ ಹಾಲು ಅಳೆದ. ಖಾಲಿ ಕ್ಯಾನನ್ನು ಅವಳ ಕೈಗೆ ಕೊಡಲಿಲ್ಲ. ಅವಳಿಗೆ ಎಟುಕುವಂತೆ ಕಟ್ಟೆಯ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತ.