ಅಪ್ಪ ಟೈಪ್ ಮಾಡಿದ ಪಾಸ್‌ವರ್ಡ್

ನಮ್ಮಪ್ಪ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಸೀನಿಯರ್ ಟೈಪಿಂಗನ್ನು ಕನ್ನಡ, ಇಂಗ್ಲಿಷ್ ಎರಡೂ ಭಾಷೆಯಲ್ಲಿ ಪಾಸು ಮಾಡಿದ್ದರು. ಯಂತ್ರದಲ್ಲಿ ಏನೇ ಎಡವಟ್ಟಾದರೂ ಅದು ಕೂತವರ ಬೆರಳಿನ ತಪ್ಪು ಎಂದು ನಂಬಿ ಬದುಕಿದವರು. ಮನೆಯ ಮಿಕ್ಸಿ ಕೆಟ್ಟರೂ ಅಮ್ಮನ ಬೆರಳನ್ನೇ ನೋಡುತ್ತಿದ್ದರು.

ಆಗ ಹೊಳೆನರಸೀಪುರದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ, ಮೆಡಿಕಲ್ ಸ್ಟೋರಿನ ಮಹಡಿಯಲ್ಲಿ ಒಂದು ಸೈಬರ್ ಸೆಂಟರ್ ಇತ್ತು. ಬಿ.ಎಡ್. ಮುಗಿಸಿದ್ದ ನಮ್ಮಕ್ಕನಿಗೆ ಅರಕಲಗೂಡಿನ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಸಂಜೆ ಐದರೊಳಗೆ ಈಮೇಲಿನಲ್ಲಿ ಒಪ್ಪಿಗೆ ತಿಳಿಸಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಶಾಲೆಯವರು ಫೋನಿನಲ್ಲಿ ಹೇಳಿದ್ದರು. ಊಟ ಮುಗಿಸಿ ಅಪ್ಪ, ಅಕ್ಕ, ನಾನು ಮೂವರೂ ಹೋದೆವು. ಒಂದು ಈಮೇಲಿಗೆ ಮೂವರು ಯಾಕೆ ಎಂದು ಯಾರೂ ಕೇಳಲಿಲ್ಲ. ಆ ಕಾಲದಲ್ಲಿ ಹಾಗೇ ಹೋಗುತ್ತಿದ್ದೆವು.

ಸೆಂಟರಿನವನು ಊಟಕ್ಕೆ ಹೋಗಿದ್ದ. ಅವನ ಹೆಂಡತಿ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅಕ್ಕ ತನ್ನ ಐಡಿ, ಪಾಸ್‌ವರ್ಡ್ ಹಾಕಿದಳು. ಪುಟ ಒಂದಿಷ್ಟು ಹೊತ್ತು ತಿಣುಕಿ, ಮತ್ತೆ ಲಾಗಿನ್ ಪುಟಕ್ಕೇ ಬಂದು ನಿಂತಿತು. ಮತ್ತೆ ಹಾಕಿದಳು. ಮತ್ತೆ ಅದೇ.

"ಸರಿಯಾಗಿ ಒಡಿಯವ್ವ," ಎಂದರು ಅಪ್ಪ.

"ತಪ್ಪಾದ್ರೆ ತಪ್ಪು ಅಂತ ಕೆಂಪಕ್ಷರದಲ್ಲಿ ಬರ್ತದೆ ಕಣಪ್ಪ. ಇದು ಏನೂ ಏಳ್ದೆ ವಾಪಸ್ ಬತ್ತಾ ಅದೆ."

"ಏಳು ಮೇಲಕ್ಕೆ. ನಾನ್ ಒಡೀತೀನಿ. ಏನದು ಪಾಸ್‌ವರ್ಡು?"

ಅಕ್ಕ ಏಳಲಿಲ್ಲ. ಮುಖ ಮಾತ್ರ ಕೆಂಪಾಯಿತು. ಪಾಸ್‌ವರ್ಡ್ ಯಾರಿಗೂ ಹೇಳಬಾರದು ಎಂದಳು. ಅಪ್ಪ ಗೋಡೆಯ ಗಡಿಯಾರ ತೋರಿಸಿದರು. ಪಕ್ಕದ ಮಿಷನ್ನುಗಳಲ್ಲಿ ಇಬ್ಬರು ಕಾರ್ ರೇಸ್ ಆಡುತ್ತಿದ್ದರು. ಅವರಿಗೆ ಯಾವ ಲಾಗಿನ್ನೂ ಬೇಕಿರಲಿಲ್ಲ. ನಾಲ್ಕು ಗಂಟೆ ದಾಟಿತು. ಕೊನೆಗೆ ಅಕ್ಕ ಒಂದು ಹೆಸರು ಹೇಳಿದಳು.

ಆ ಹೆಸರಿನ ಹುಡುಗ ಗೊರೂರಿನ ನೀರಾವರಿ ಇಲಾಖೆಯ ಕ್ವಾರ್ಟರ್ಸ್‌ನಲ್ಲಿದ್ದ. ಹಿಂದಿನ ವರ್ಷ ಅವನ ಕಡೆಯವರು ಅಕ್ಕನನ್ನು ಕೇಳಿಕೊಂಡು ಬಂದಿದ್ದರು. ನಮ್ಮ ಜನ ಅಲ್ಲ ಎಂದು ಅಪ್ಪ ಕಾಫಿ ಕೊಟ್ಟು ಕಳಿಸಿದ್ದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ಆ ಹೆಸರೆತ್ತಿರಲಿಲ್ಲ.

ಅಪ್ಪ ಕನ್ನಡಕ ಒರೆಸಿಕೊಂಡು ಕುರ್ಚಿಯಲ್ಲಿ ಕೂತು, ಹತ್ತೂ ಬೆರಳು ಇಟ್ಟು ಆ ಹೆಸರು ಹೊಡೆದರು. ಪರದೆಯ ಮೇಲೆ ಬರೀ ಚುಕ್ಕೆಗಳು. ಪುಟ ವಾಪಸ್ ಬಂತು. ಟೈಪಿಸ್ಟಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಮತ್ತೆ ಹೊಡೆದರು. ವಾಪಸ್ ಬಂತು. ತಮ್ಮ ಮನೆಯೊಳಗೆ ಬಿಟ್ಟುಕೊಳ್ಳದವನ ಹೆಸರನ್ನು ಅಪ್ಪ ಜಪ ಮಾಡಿದ ಹಾಗೆ ಹೊಡೆಯುತ್ತಿದ್ದರು. ನಾನು ನಗು ತಡೆಯಲಾಗದೆ ಕಿಟಕಿ ಕಡೆ ತಿರುಗಿದೆ. ಅಕ್ಕ ಅಳುತ್ತಿದ್ದಳು. ಅದನ್ನು ನೋಡಿದ ಮೇಲೆ ನಗು ನಿಂತಿತು.

ಅಷ್ಟರಲ್ಲಿ ಸೆಂಟರಿನವನು ಹಲ್ಲು ಕಡ್ಡಿ ಕಚ್ಚಿಕೊಂಡು ಬಂದ.

"ಅಯ್ಯೋ ಸಾ, ನೆನ್ನೆ ಸಂಜೆ ನಾನೇ ಎಲ್ಲಾ ಮಿಷನ್ನಲ್ಲೂ ಕುಕೀಸ್ ಬಂದ್ ಮಾಡ್ಬುಟ್ಟಿದ್ದೆ," ಎಂದ. ಯಾರೋ ತಮ್ಮ ಮೇಲ್ ಮುಚ್ಚದೆ ಎದ್ದುಹೋಗಿ, ಆಮೇಲೆ ಕೂತವನು ಅದನ್ನು ಓದಿ, ದೊಡ್ಡ ಜಗಳ ಆಗಿತ್ತಂತೆ. "ಒಳಕ್ಕೆ ಬುಟ್ಟಿದೀವಿ ಅಂತ ಸೈಟು ಒಂದು ಚೀಟಿ ಕೊಡ್ತದೆ ಸಾ, ಅದೇ ಕುಕಿ. ನಮ್ ಮಿಷನ್ನು ಅದನ್ನ ಇಟ್ಕೊಳ್ದೆ ಇದ್ರೆ, ಮುಂದಿನ್ ಪುಟದಲ್ಲಿ ನೀವು ಯಾರೋ ಅದಕ್ಕೆ ಗೊತ್ತಾಗಕಿಲ್ಲ. ಮತ್ತೆ ಬಾಗ್ಲಿಗೇ ಕಳಿಸ್ತದೆ."

"ಅಂಗಾದ್ರೆ ಪಾಸ್‌ವರ್ಡು?"

"ಮೊದ್ಲಿಂದ್ಲೂ ಸರಿಯಾಗೇ ಇರ್ತದೆ ಸಾ."

ಅವನು ಟೂಲ್ಸ್ ಒಳಗೆ ಹೋಗಿ, ಇಂಟರ್‌ನೆಟ್ ಆಪ್ಷನ್ಸ್‌ನಲ್ಲಿ ಪ್ರೈವೆಸಿ ತೆಗೆದು, ಮೇಲ್ತುದಿಯಲ್ಲಿದ್ದ ಗುಂಡಿಯನ್ನು ನಡುವಿಗೆ ಎಳೆದ. ಬ್ರೌಸರ್ ಮುಚ್ಚಿ ತೆರೆದ. ಈ ಸಲವೂ ಅಪ್ಪನೇ ಹೊಡೆದರು. ಅಕ್ಷರ ಕೇಳಲಿಲ್ಲ, ಬಾಯಲ್ಲಿ ಹೇಳಿಕೊಳ್ಳಲೂ ಇಲ್ಲ. ಇನ್‌ಬಾಕ್ಸ್ ತೆರೆಯಿತು. ಅಪ್ಪ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಅಕ್ಕ ಐದಕ್ಕೆ ಮುಂಚೆ ಒಪ್ಪಿಗೆ ಕಳಿಸಿದಳು.

ಮೆಟ್ಟಿಲಿಳಿಯುವಾಗ ಅಪ್ಪ, "ಆ ಹುಡ್ಗಂಗೆ ಮದ್ವೆ ಆಯ್ತಾ?" ಎಂದರು.

"ಇಲ್ಲ."

"ಯಾಕಂತೆ?"

ಅಕ್ಕ ನಿಂತಳು. ಅವಳು ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಯಾಕೆ ಅಂತ ನಿಮ್ಗೆ ಗೊತ್ತಿಲ್ವಾ ಅಪ್ಪ?"

ಅಪ್ಪ ಮನೆಯವರೆಗೂ ನಮಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಆ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಾಸನಕ್ಕೆ ಹೋಗಿ, ಅಲ್ಲಿಂದ ಒಬ್ಬರೇ ಗೊರೂರಿನ ಬಸ್ಸು ಹತ್ತಿದರು.