ವಾರಗಿತ್ತಿಯ ಬೆಳಗು, ನನ್ನ ನಿದ್ದೆ

ಜಂಗಮಕೋಟೆಯಲ್ಲಿರುವ ನನ್ನ ಗಂಡನ ಅಣ್ಣನ ಮನೆಗೆ ಹೋದಾಗಲೆಲ್ಲ ನಾನು ಏಳುವಷ್ಟರಲ್ಲಿ ಬೆಳಗು ಮುಗಿದೇ ಹೋಗಿರುತ್ತಿತ್ತು. ಆ ಬೇಸಿಗೆ ರಜೆಯಲ್ಲೂ ಹಾಗೇ ಆಯಿತು. ಹತ್ತು ಗಂಟೆಗೆ ಕಣ್ಣುಜ್ಜಿಕೊಂಡು ಹಜಾರಕ್ಕೆ ಬಂದರೆ, ಏಳು ವರ್ಷದ ನನ್ನ ಮಗಳು ದೊಡ್ಡಮ್ಮನ ಮಡಿಲಿಗೆ ಬೆನ್ನು ಕೊಟ್ಟು ಕೂತು ಜಡೆ ಹಾಕಿಸಿಕೊಳ್ಳುತ್ತಿದ್ದಳು. ನಾನು ಹಾಕಿದರೆ ಅರ್ಧ ಗಂಟೆಯಲ್ಲಿ ಬಿಚ್ಚಿಹೋಗುವ ಜಡೆ, ನನ್ನ ವಾರಗಿತ್ತಿಯ ಕೈಯಲ್ಲಿ ಸಂಜೆವರೆಗೂ ಬಿಗಿಯಾಗಿರುತ್ತಿತ್ತು.

"ಅಮ್ಮಾ, ನಾವು ಡೈರಿಗೆ ಹಾಲು ಹಾಕಿ ಬಂದ್ವಿ. ಸೊಪ್ಪು ಕುಯ್ದ್ವಿ. ರೇಷ್ಮೆಹುಳಾ ಎಲ್ಲ ನಿದ್ದೆಯಿಂದ ಎದ್ದಿದಾವೆ. ನೀನೊಬ್ಳೇ ಎದ್ದಿಲ್ಲ ಅಂತ ದೊಡ್ಡಪ್ಪ ನಕ್ರು."

"ಅಷ್ಟೊಂದು ಮಾಡಿದ್ರಾ?" ಎಂದು ನಾನೂ ನಕ್ಕೆ. ಒಳಗೆ ಮಾತ್ರ ಉರಿಯಿತು. ವಾರಗಿತ್ತಿ ಒಳ್ಳೆಯವಳು, ನನ್ನನ್ನು ಒಂದು ಮಾತೂ ಅಂದವಳಲ್ಲ. ಆದರೂ ಮಗಳ ಬೆಳಗಿನ ಮುಖ ಅವಳಿಗೆ ಸಿಗುತ್ತಿತ್ತು, ನನಗೆ ಸಿಗುತ್ತಿರಲಿಲ್ಲ. ಬೆಂಗಳೂರಿನಲ್ಲೂ ಅಷ್ಟೇ. ಅಲ್ಲಿ ಆ ಮುಖ ನನ್ನ ಗಂಡನ ಪಾಲಿಗೆ. ಅವರೇ ಎಬ್ಬಿಸಿ, ದೋಸೆ ಹುಯ್ದು, ಸ್ಕೂಲ್ ವ್ಯಾನ್ ಹತ್ತಿಸುತ್ತಿದ್ದರು. ನನ್ನ ಪಾಲಿಗೆ ಸಂಜೆಯ ಹೋಮ್‌ವರ್ಕು, ಜಗಳ, ಹಟ.

ನನ್ನ ನಿದ್ದೆ ಕೆಟ್ಟದ್ದು ಅಮೆರಿಕದ ತಂಡದ ಜೊತೆ ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ. ಆ ಪ್ರಾಜೆಕ್ಟ್ ಮುಗಿದು ಎಷ್ಟೋ ಕಾಲವಾಗಿದ್ದರೂ ಎರಡೂವರೆ ಮೂರು ಗಂಟೆಯವರೆಗೆ ಎಚ್ಚರವಿರುವುದು ಮಾತ್ರ ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ, ಬಿಡಲು ನನಗೂ ಮನಸ್ಸಿರಲಿಲ್ಲ. ಇಡೀ ದಿನದಲ್ಲಿ ಯಾರೂ ನನ್ನನ್ನು ಕರೆಯದ ಹೊತ್ತು ಅದೊಂದೇ.

ಜಡೆ ನೋಡಿದ ದಿನ ರಾತ್ರಿ ಐದು ಗಂಟೆಗೆ ಅಲಾರಾಂ ಇಟ್ಟೆ. ಎದ್ದೆ, ಮಗಳ ಜೊತೆ ಡೈರಿಗೂ ಹೋದೆ, ಹುಟ್ಟುವ ಸೂರ್ಯನನ್ನೂ ನೋಡಿದೆ. ಮಧ್ಯಾಹ್ನಕ್ಕೆ ತಲೆ ಸಿಡಿಯಿತು, ಮಲಗಿದವಳು ಎದ್ದದ್ದು ದೀಪ ಹಚ್ಚುವ ಹೊತ್ತಿಗೆ. ಆ ರಾತ್ರಿ ನಾಲ್ಕಾದರೂ ನಿದ್ದೆ ಹತ್ತಲಿಲ್ಲ. ಪಕ್ಕದಲ್ಲಿ ಗಂಡ ದಿಂಬಿಗೆ ತಲೆ ಕೊಟ್ಟ ಕೂಡಲೇ ಗೊರಕೆ ಹೊಡೆಯುತ್ತಿದ್ದರು. ಅವರ ಮೇಲೂ ಹೊಟ್ಟೆ ಉರಿಯಿತು.

ಬೆಂಗಳೂರಿಗೆ ವಾಪಸಾದ ಮೇಲೆ ನಿದ್ದೆಯ ತೊಂದರೆ ನೋಡುವ ಡಾಕ್ಟರೊಬ್ಬರ ಹತ್ತಿರ ಹೋದೆ. ಬೇಗ ಮಲಗಿದರೂ ನಿದ್ದೆ ಬರುವುದಿಲ್ಲ ಎಂದೆ.

"ಬರಲ್ಲಮ್ಮ. ನಿಮ್ಮ ಮೈಯೊಳಗಿನ ಗಡಿಯಾರಕ್ಕೆ ಹತ್ತು ಗಂಟೆ ಅಂದ್ರೆ ಇನ್ನೂ ಸಂಜೆ. ಮಲಗೋ ಟೈಮನ್ನ ಹಟ ಮಾಡಿ ತರಕ್ಕಾಗಲ್ಲ. ಏಳೋ ಟೈಮನ್ನ ತರಬೋದು," ಎಂದರು ಆಕೆ.

ಐದಕ್ಕೆ ಎದ್ದು ಬಿಸಿಲು ನೋಡಿದ್ದನ್ನು ಹೆಮ್ಮೆಯಿಂದ ಹೇಳಿದೆ. ಅವರು ತಲೆಯಾಡಿಸಿದರು. ಹತ್ತಕ್ಕೆ ಏಳುವ ದೇಹಕ್ಕೆ ಐದು, ಆರು ಗಂಟೆ ಎಂದರೆ ನಡುರಾತ್ರಿಯ ಹಾಗೆ. ಆಗ ಕಣ್ಣಿಗೆ ಬಿದ್ದ ಜೋರು ಬೆಳಕು ಗಡಿಯಾರವನ್ನು ಇನ್ನಷ್ಟು ತಡಮಾಡಬಹುದಂತೆ. ಮಾಮೂಲಿಯಾಗಿ ಏಳುವ ಹೊತ್ತಿನ ಆಸುಪಾಸು ಬಿದ್ದ ಬೆಳಕಾದರೆ ಅದನ್ನು ಬೇಗದ ಕಡೆಗೆ ಎಳೆಯುತ್ತದೆ. ಆದ್ದರಿಂದ ಈಗ ಏಳುತ್ತಿರುವ ಹೊತ್ತಿನಿಂದಲೇ ಶುರುಮಾಡಬೇಕು, ಕೆಲವು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತರಬೇಕು, ಎದ್ದ ತಕ್ಷಣ ಹೊರಗಿನ ಬೆಳಕಿಗೆ ಹೋಗಬೇಕು. ಕಿಟಕಿಯ ಪಕ್ಕ ಕೂತರೆ ಸಾಲದು. ಮಧ್ಯಾಹ್ನದ ಊಟದ ನಂತರ ಕಾಫಿ ಇಲ್ಲ. ಹಗಲು ಮಲಗಲೇಬೇಕಾದರೆ ಇಪ್ಪತ್ತು ನಿಮಿಷ. ರಾತ್ರಿ ದೀಪ ಮಂದ ಮಾಡಬೇಕು. ನಿದ್ದೆ ಬಂದಾಗಲೇ ಹಾಸಿಗೆ, ಬರದಿದ್ದರೆ ಎದ್ದು ಬೇರೆ ಕಡೆ ಕೂರಬೇಕು. ಎಲ್ಲಕ್ಕಿಂತ ಕಷ್ಟದ್ದು, ಶನಿವಾರ ಭಾನುವಾರವೂ ಅದೇ ಹೊತ್ತಿಗೆ ಏಳಬೇಕು.

ಮಾರನೆಯ ದಿನದಿಂದ ಒಂಬತ್ತೂಮುಕ್ಕಾಲಕ್ಕೆ ಎದ್ದು ಟೆರೇಸ್ ಹತ್ತಿದೆ. ಒಣಹಾಕಿದ ಬಟ್ಟೆಗಳ ನಡುವೆ ಅರ್ಧ ಗಂಟೆ ತಿರುಗಾಡುವುದೇ ನನ್ನ ಔಷಧಿ. ಬಟ್ಟೆ ತೆಗೆಯಲು ಬಂದ ಪಕ್ಕದ ಮನೆಯವರು, "ಏನ್ರೀ, ವಾಕಿಂಗಾ?" ಎಂದು ಕೇಳಿದರೆ ನಾಚಿಕೆಯಾಗುತ್ತಿತ್ತು. ಆ ಹೊತ್ತಿಗೆ ಮಗಳು ಸ್ಕೂಲಿನಲ್ಲಿ ಎರಡನೇ ಪೀರಿಯಡ್ಡಿನಲ್ಲಿರುತ್ತಿದ್ದಳು.

ಒಂಬತ್ತೂವರೆ, ಒಂಬತ್ತೂಕಾಲು ಎಂದು ಹಿಂದಕ್ಕೆ ಬಂದಂತೆ ನಿದ್ದೆಯೂ ತಾನಾಗಿಯೇ ಹಿಂದೆ ಬರತೊಡಗಿತು, ಕುಂಟುತ್ತಾ. ಎಂಟೂವರೆಗೆ ತಲುಪಿದಾಗ ಆಫೀಸಿನಲ್ಲೊಂದು ಸಾಫ್ಟ್‌ವೇರ್ ರಿಲೀಸ್ ಬಂತು. ಎರಡು ರಾತ್ರಿ ಜಾಗರಣೆ, ಭಾನುವಾರ ಹನ್ನೊಂದರವರೆಗೆ ನಿದ್ದೆ. ಸೋಮವಾರ ರಾತ್ರಿ ಮತ್ತೆ ಮೂರು ಗಂಟೆಯವರೆಗೆ ಎಚ್ಚರ. ಕೂತು ಅತ್ತುಬಿಟ್ಟೆ. ಡಾಕ್ಟರಿಗೆ ಫೋನ್ ಮಾಡಿದರೆ, "ಎಲ್ಲಿಂದ ಜಾರಿದ್ರೋ ಅದಕ್ಕಿಂತ ಒಂದು ಮೆಟ್ಲು ಕೆಳಗಿಂದ ಹತ್ತಿ. ಮೊದಲಿಂದ ಬೇಡ," ಎಂದರು. ಮಾರನೆಯ ದಿನ ಮ್ಯಾನೇಜರ್ ಹತ್ತಿರ ಹೋಗಿ ರಾತ್ರಿಯ ರಿಲೀಸುಗಳನ್ನು ಸರದಿಯ ಮೇಲೆ ಹಂಚಿ ಎಂದು ಕೇಳಿಕೊಂಡೆ. ಇಷ್ಟು ವರ್ಷ ಯಾರೂ ಕೇಳದೆಯೇ ಅವನ್ನು ನಾನಾಗಿ ಹೊತ್ತುಕೊಂಡಿದ್ದೆನೆಂದು ಆಗ ತಿಳಿಯಿತು. ಅವರು ತಕ್ಷಣ ಒಪ್ಪಿದರು.

ಮಳೆಗಾಲ ಪೂರ್ತಿ ಹೀಗೇ ಕಳೆಯಿತು. ಮೋಡವಿದ್ದ ದಿನ ಟೆರೇಸಿನಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತಿದ್ದೆ. ಒಂದು ಬೆಳಗ್ಗೆ ಏಳು ಗಂಟೆಗೆ ಅಡುಗೆಮನೆಗೆ ಹೋದಾಗ ಗಂಡ ದೋಸೆ ಹುಯ್ಯುತ್ತಿದ್ದರು, ಮಗಳು ಕಟ್ಟೆಯ ಮೇಲೆ ಕೂತು ಅವರಿಗೆ ಕನಸು ಹೇಳುತ್ತಿದ್ದಳು. ನನ್ನನ್ನು ಕಂಡು ಮಾತು ನಿಲ್ಲಿಸಿದಳು. "ಅಪ್ಪಂಗೆ ಹೇಳ್ತಿದ್ದೆ," ಎಂದಳು. ಬೆಳಗೇನೋ ಸಿಕ್ಕಿತ್ತು, ಅದರೊಳಗೆ ನನಗಿನ್ನೂ ಜಾಗವಿರಲಿಲ್ಲ. ಚಟ್ನಿಗೆ ಒಗ್ಗರಣೆ ಹಾಕಿದೆ.

ದಸರಾ ರಜೆಗೆ ಮತ್ತೆ ಜಂಗಮಕೋಟೆಗೆ ಹೋದೆವು. ಅಷ್ಟೊತ್ತಿಗೆ ನಾನು ಅಲಾರಾಂ ಇಲ್ಲದೆ ಆರು ಗಂಟೆಗೆ ಏಳುತ್ತಿದ್ದೆ. ಮೊದಲ ಬೆಳಗ್ಗೆ ಹೊರಗೆ ಬಂದಾಗ ವಾರಗಿತ್ತಿ ಹುಳುಮನೆಯಲ್ಲಿ ರೇಷ್ಮೆಹುಳುಗಳಿಗೆ ಎಲೆ ತುಂಬಿದ ಹಿಪ್ಪುನೇರಳೆ ಕಡ್ಡಿ ಹರಡುತ್ತಿದ್ದಳು. ಹುಳುಗಳು ಗೂಡು ಕಟ್ಟಲು ನಾಲ್ಕೈದು ದಿನವಷ್ಟೇ ಬಾಕಿಯಿತ್ತು. ಅವುಗಳ ಹಸಿವಿಗೆ ಹಗಲು ರಾತ್ರಿಯೆಂಬುದಿಲ್ಲ. ಸೊಪ್ಪು ತಿನ್ನುವ ಸದ್ದು ಹಂಚಿನ ಮೇಲೆ ಜಿನುಗುಮಳೆ ಬಿದ್ದಂತಿತ್ತು.

"ಇದೇನಮ್ಮ, ಇಷ್ಟೊತ್ತಿಗೇ ಎದ್ಬಿಟ್ಟಿದೀಯ? ಮೈ ಸರಿ ಇಲ್ವಾ?"

"ಸರಿಯಾಗಿದೆ ಅಕ್ಕ. ಈಗ ದಿನಾ ಇಷ್ಟೊತ್ತಿಗೇ ಏಳ್ತೀನಿ." ಏಕೆಂದು ಕೇಳಿದಳು. ಸುಳ್ಳು ಹೊಳೆಯಲಿಲ್ಲ. "ಮಗು ಬೆಳಗ್ಗೆಲ್ಲ ನಿಮ್ ಹತ್ರಾನೇ ಇರ್ತಾಳಲ್ಲ, ಅದು ನೋಡಕ್ಕಾಗ್ತಿರ್ಲಿಲ್ಲ," ಎಂದುಬಿಟ್ಟೆ.

ಅವಳು ಕಡ್ಡಿ ಹಿಡಿದುಕೊಂಡೇ ನನ್ನನ್ನು ನೋಡಿದಳು. ಕೋಪ ಬಂದಿತೇನೋ ಎಂದುಕೊಂಡೆ. ಅವಳು ನಕ್ಕಳು.

"ಅಯ್ಯೋ, ನಿನ್ ನೋಡಿ ನಂಗೆಷ್ಟ್ ಹೊಟ್ಟೆ ಉರೀತಿತ್ತು ಗೊತ್ತಾ? ಹತ್ ಗಂಟೆ ತಂಕ ಯಾರೂ ಎಬ್ಸಲ್ಲ, ಯಾರೂ ಏನೂ ಅನ್ನಲ್ಲ. ಬಾಗ್ಲು ಮುಂದೆ ಹೋಗೋವಾಗೆಲ್ಲ ಅನ್ಕೊಂತಿದ್ದೆ, ಏನ್ ಪುಣ್ಯ ಮಾಡಿದಾಳಪ್ಪ ಅಂತ. ಮದ್ವೆ ಆದಾಗಿಂದ ಹುಳಾ ಜ್ವರಕ್ಕೆ ಕೂತಾಗ ಮಾತ್ರ ನಂಗೆ ಪೂರ್ತಿ ನಿದ್ದೆ."

ಹುಳುಗಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲುಗದೆ ಮಲಗುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಅವಳ ಕೈಯಿಂದ ಕಡ್ಡಿ ತೆಗೆದುಕೊಂಡೆ.

"ಹೇಗ್ ಹಾಕೋದು ತೋರ್ಸಿ. ನಾನಿರೋವರ್ಗೂ ಬೆಳಗ್ಗೆ ಮೇವು ಹಾಕೋದು ನಂದು. ನೀವು ಮಲಗಿ."

"ಒಂದ್ ಕಡ್ಡಿ ತಲೆ ಕಡೆ ಇನ್ನೊಂದ್ರ ಬುಡ, ಹಂಗೇ ಅದ್ಲು ಬದ್ಲು ಇಡ್ತಾ ಹೋಗು ಅಷ್ಟೇ," ಎಂದು ತೋರಿಸಿದಳು. ಮಲಗುವುದು ಬೇಡವೆಂದು ಮೊದಲು ಹೇಳಿದವಳು, ಆಮೇಲೆ ಹೋಗಿ ಮಲಗಿದಳು. ಬಿಸಿಲೇರಿದರೂ ಏಳಲಿಲ್ಲ.

ಮಗಳು ಎದ್ದು ಹುಳುಮನೆಯ ಬಾಗಿಲಿಗೆ ಬಂದವಳು, "ದೊಡ್ಡಮ್ಮ ಎಲ್ಲಿ?" ಎಂದಳು. ಕೇಳಿದ ಮೊದಲ ಮಾತೇ ಅದು. ಸಣ್ಣಗೆ ಚುಚ್ಚಿತು. ಮಲಗಿದಾರೆ, ಸದ್ದು ಮಾಡಬೇಡ ಎಂದೆ. ಸ್ವಲ್ಪ ಹೊತ್ತು ನಿಂತು ನೋಡಿ, "ಅಮ್ಮಾ, ಹಂಗಲ್ಲ. ಅಷ್ಟ್ ದಪ್ಪ ಹಾಕ್ಬಾರ್ದು," ಎನ್ನುತ್ತಾ ಒಳಗೆ ಬಂದು ನನ್ನ ಪಕ್ಕ ನಿಂತು ಕಡ್ಡಿಗಳನ್ನು ಬಿಡಿಸತೊಡಗಿದಳು.