ಮೇಷ್ಟ್ರು ಅಗಿದ ಮುದ್ದೆ

ನನ್ನ ಮೊಮ್ಮಗಳು ಮೇಷ್ಟ್ರಮ್ಮ ಆದಳು! ಅದೂ ನಮ್ಮೂರ ಶಾಲೆಗೇ. ಬಡವನಹಳ್ಳಿ ಸಂತೆಯಲ್ಲಿ ಎದುರಾದವರಿಗೆಲ್ಲ ಹೇಳುತ್ತಾ ಬಂದೆ, ಉಪ್ಪು ಕೊಳ್ಳುವುದನ್ನೇ ಮರೆತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಈ ಸಂತೋಷವನ್ನು ಬರೆಯೋಣವೆಂದು ಕೂತರೆ ನಾಚಿಕೆಯೇ ಮೊದಲು ನೆನಪಾಗುತ್ತದೆ.

ಅವಳಿಗೆ ಅಕ್ಷರ ಕಲಿಸಿದ ಮೇಷ್ಟ್ರು ನಿವೃತ್ತರಾದ ಜಾಗಕ್ಕೇ ಅವಳು ಬಂದದ್ದು. ಅವರ ಬೀಳ್ಕೊಡುಗೆಗೆ ಬಿನ್ನವತ್ತಳೆಯನ್ನು ಅವಳೇ ಓದಬೇಕಿತ್ತು. ಬೆಳಗಿನಿಂದ ಒಂದೇ ಮಾತು: "ಸಭೇಲಿ ಬಾಯಿ ಹಾಕ್ಬ್ಯಾಡ ಕಣ್ ತಾತ. ಇನ್ಮ್ಯಾಲೆ ಈ ಜನದ ಮುಂದೇನೇ ನಾನು ನಿಂತ್ಕಬೇಕು."

ಪ್ರಾರ್ಥನೆಯಾಯಿತು. ಅವಳು ಒಂದು ಕಡೆಯೂ ತಡವರಿಸದೆ ಓದಿದಳು. ಮೇಷ್ಟ್ರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ತಟ್ಟೆ ಕೊಟ್ಟರು. ಅವರು ಹಾರ ತೆಗೆದು ಮೇಜಿನ ಮೇಲಿಟ್ಟು ಮಾತಿಗೆ ನಿಂತರು. ಮೊದಲು ತಮ್ಮ ತೂಕಡಿಕೆಯನ್ನೇ ಆಡಿಕೊಂಡರು.

"ನೀವು ಮಗ್ಗಿ ಹೇಳ್ತಿದ್ರೆ ನನಗೆ ಜೋಗುಳ. ನಿಲ್ಲಿಸಿದ್ರೆ ತಾನೆ ಎಚ್ಚರ!"

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಮೇಷ್ಟ್ರು ಅನ್ನ ಉಣ್ಣುವ ಸೀಮೆಯಿಂದ ಒಂಟಿಯಾಗಿ ಬಂದವರು. ಆಗ ಊರಿನ ಮನೆಗಳು ದಿನಕ್ಕೊಂದರಂತೆ ಅವರಿಗೆ ಊಟ ಹಾಕುತ್ತಿದ್ದವು. ಸೋಮವಾರ ನಮ್ಮದು.

"ಆ ಸೋಮವಾರದ ಮುದ್ದೆ ಇತ್ತಲ್ಲ, ಹಲ್ಲಿಗೆ ಮೆತ್ಕೊಂಡು ಬಾಯೇ ಬಿಡೋಕಾಗ್ತಿರಲಿಲ್ಲ. ಮಧ್ಯಾಹ್ನ ಮಕ್ಕಳು ಗಲಾಟೆ ಮಾಡಿದ್ರೂ ಬೈಯೋ ಹಂಗಿಲ್ಲ!"

ಸಭೆಯೆಲ್ಲ ನಮ್ಮ ಕಡೆ ತಿರುಗಿ ನಕ್ಕಿತು. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ. ಎದ್ದು ನಿಂತೇಬಿಟ್ಟೆ.

"ಏನ್ ಸ್ವಾಮಿ! ಉಂಡ ಮನೇನ ಇಂಗೆ ಆಡ್ಕಳಾದಾ? ಅವತ್ತೇ ಯೋಳಿದ್ರೆ ಬ್ಯಾರೆ ಮನೆ ತೋರುಸ್ತಿದ್ವಿ!"

ನಗು ನಿಂತುಹೋಯಿತು. ಮೇಜಿನ ಪಕ್ಕದಲ್ಲಿದ್ದ ಮೊಮ್ಮಗಳು ನೆಲ ನೋಡಿದಳು.

"ಮಾತು ಮುಗಿದಿಲ್ಲ ಯಜಮಾನ್ರೇ," ಅಂದರು ಮೇಷ್ಟ್ರು. "ಮುದ್ದೆ ನುಂಗಬೇಕು ಅಂತ ನನಗೆ ಗೊತ್ತಿರಲಿಲ್ಲ, ಅಗೀತಿದ್ದೆ. ತಪ್ಪು ನನ್ನ ಹಲ್ಲಿಂದು."

ಯಾರೂ ನಗಲಿಲ್ಲ. ಅವರ ದನಿ ಇಳಿಯಿತು. "ಜ್ವರ ಬಂದು ಶಾಲೆ ಜಗಲೀಲಿ ಮಲಗಿದ್ದಾಗ, ಸರದಿ ಯಾರದು ಅಂತ ನೋಡದೆ ಆ ತಾಯಿ ದಿನಾ ಅಂಬಲಿ ಕಾಯಿಸಿ ತಂದ್ರು. ಇವರು ನನ್ನ ತಲೆ ಎತ್ತಿ ಹಿಡಿದು ಕುಡಿಸಿದ್ರು. ನನ್ನೋರು ಅಂತ ಇಲ್ಲಿ ಯಾರೂ ಇರಲಿಲ್ಲ. ವರ್ಗ ಬಂದಾಗೆಲ್ಲ ಬೇಡ ಅಂತ ಬರೆದುಕೊಟ್ಟು ಉಳಿದದ್ದು ಅದಕ್ಕೇ." ನಮ್ಮ ಕಡೆ ಕೈಮುಗಿದು ಕೂತುಬಿಟ್ಟರು.

ನಾನಿನ್ನೂ ನಿಂತೇ ಇದ್ದೆ. ಹೆಂಡತಿ ಪಂಚೆ ಎಳೆದಳು. "ನಾನು ನಗ್ತಿದ್ದೆ ಕಣಯ್ಯ. ಕುಂತ್ಕ!"

ಸಭೆ ಮುಗಿದ ಮೇಲೆ ಮೊಮ್ಮಗಳು ಬಂದು ಇಷ್ಟೇ ಕೇಳಿದಳು: "ಮೇಷ್ಟ್ರನ್ನ ಊಟಕ್ಕೆ ಕರಿಯಾಕಿಲ್ವಾ ತಾತ?"

ಕಾಲು ಎಳೆಯುತ್ತಾ ಹೋದೆ. "ತಪ್ಪಾಯ್ತು ಸ್ವಾಮಿ. ಸೋಮವಾರ ಅಲ್ದಿದ್ರೂ ಇವತ್ತು ನಮ್ಮನೆಗೇ ಬರ್ಬೇಕು."

ಸಂಜೆ ಮನೆಮಂದಿಯೆಲ್ಲ ಮೇಷ್ಟ್ರ ಜೊತೆ ಸಾಲಾಗಿ ಉಣ್ಣಲು ಕೂತೆವು. ಅವರು ಮುದ್ದೆ ಮುರಿದು, ಅವರೆಕಾಳಿನ ಸಾರಿನಲ್ಲಿ ಹೊರಳಿಸಿ, ನಮ್ಮೂರವರ ಹಾಗೇ ಗುಳುಂ ಅನ್ನಿಸಿದರು.

"ಅಜ್ಜೀ, ತಾತನಿಗೆ ಇನ್ನೊಂದು ಮುದ್ದೆ ಇಕ್ಕು," ಅಂದಳು ಮೊಮ್ಮಗಳು. "ಬಾಯಿ ಮೆತ್ಕಳ್ಳಿ."

ಎಲ್ಲರೂ ನಕ್ಕರು. ನಾನು ತಲೆ ಎತ್ತದೆ ತಟ್ಟೆ ಮುಂದೆ ಚಾಚಿದೆ.